ಅಜ್ಜನ ಪೇಟಿ ಬಿಚ್ಚಿ ನೋಡಿದೆ

ಅಜ್ಜ ತೀರಿಕೊಂಡ ಮೇಲೆ ಅವರ ಪೇಟಿ ನನ್ನ ಹತ್ತಿರ ಬಂತು. ನಮ್ಮ ಧಾರವಾಡದ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಅನ್ನುತ್ತೇವೆ. "ಜರ್ಮನ್ ರೀಡ್ ಐತಿ, ನೂರು ವರ್ಷದ್ದು. ಯಾರಿಗೂ ಕೊಡಬ್ಯಾಡ" ಎಂದರು ಕಾಕಾ. ಕೊಡುವ ಮಾತೇ ಇರಲಿಲ್ಲ. ಆದರೆ ಅದು ನಿಜಕ್ಕೂ ಏನು ಅಂತ ತಿಳಿಯಬೇಕಿತ್ತು.

ಮುಂಭಾಗದ ಹಿತ್ತಾಳೆ ಪಟ್ಟಿಯ ಮೇಲೆ ಅಂಗಡಿಯ ಹೆಸರು, ಕೆಳಗೆ 'ಬಾಂಬೆ 4' ಎಂದಿತ್ತು. ಆ 4 ಹಳೆಯ ಅಂಚೆ ವಲಯದ ಸಂಖ್ಯೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಆಮೇಲೆ ಅದೇ ಜಾಗ 400004 ಆಯಿತು. ಹಾಗಾಗಿ ಪಟ್ಟಿ ಬಹುಶಃ 1972ಕ್ಕಿಂತ ಹಿಂದಿನದು. ಬಹುಶಃ ಅಂದೆ, ಏಕೆಂದರೆ ಹಳೇ ಪಟ್ಟಿ ಉಳಿದಿದ್ದರೆ ಅಂಗಡಿಯವರು ಅದನ್ನೇ ಹಾಕುತ್ತಾರೆ. ಪಟ್ಟಿ ಹೇಳುವುದು ಪೇಟಿ ಎಲ್ಲಿ ಮಾರಾಟ ಆಯಿತು ಅಂತ ಮಾತ್ರ. ಒಳಗೆ ಗಾಳಿಗೆ ಅದುರಿ ಸ್ವರ ಕೊಡುವ ರೀಡ್ ಬೇರೆ ಕಡೆಯದ್ದಿರಬಹುದು. ಫೋಟೋ ನೋಡಿ ಪೇಟಿ ಗುರುತಿಸುವವರು ಎಡವುವುದು ಇಲ್ಲೇ.

ಬೆರಳಿಂದ ಒತ್ತಿ ನುಡಿಸುವ ಮನೆಗಳು 39, ಸಿ ಇಂದ ಡಿ ತನಕ. ಮುಂದೆ ಏಳು ಗುಂಡಿ. ಒಂದೊಂದೇ ಎಳೆದು ಒಂದೇ ಮನೆ ಒತ್ತಿ ನೋಡಿದೆ. ಎರಡು ಗುಂಡಿಗೆ ಎರಡು ಸಾಲು ರೀಡು ತೆರೆದವು, ಒಂದು ಸಪ್ತಕದ ಅಂತರದಲ್ಲಿ. ಇನ್ನೆರಡು ಶ್ರುತಿ ಹಿಡಿದವು. ಉಳಿದ ಮೂರು ಸುಮ್ನೆ ಅಂದಕ್ಕೆ ಇದ್ದವು. ಗುಂಡಿ ಎಣಿಸಿ ಪೇಟಿಯ ದರ್ಜೆ ಹೇಳಬಾರದು ಅಂತ ಆಗ ಗೊತ್ತಾಯಿತು.

ಆಮೇಲೆ ಸ್ಕ್ರೂ ಬಿಚ್ಚಿ ಮನೆಗಳ ಹಲಗೆಯನ್ನು ಮೆಲ್ಲಗೆ ಎತ್ತಿದೆ. ಅಡಿಯಲ್ಲಿ ಹಿತ್ತಾಳೆ ರೀಡುಗಳು ಸಾಲಾಗಿದ್ದವು. ರೀಡಿನಲ್ಲಿ ಅದುರುವ ತೆಳು ನಾಲಿಗೆಗೆ ಬೆರಳು ತಾಗಿಸಲಿಲ್ಲ. ತಾಗಿದರೆ ಬಾಗುತ್ತದೆ, ಬೆವರು ಹತ್ತಿದರೆ ಕಿಲುಬು ಹಿಡಿಯುತ್ತದೆ. ಟಾರ್ಚ್ ಅನ್ನು ಪಕ್ಕದಿಂದ, ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಗೀರು ಕಾಣುವುದಿಲ್ಲ.

ಪ್ರತಿ ರೀಡಿನ ಮೇಲೆ ಸ್ವರದ ಅಕ್ಷರ ಒತ್ತಿತ್ತು. ಹೆಚ್ಚಿನವು ಕಂದು ಬಣ್ಣಕ್ಕೆ ತಿರುಗಿದ್ದವು, ಅಕ್ಷರ ಸಣ್ಣದು, ರಿವೆಟ್ ಚಪ್ಪಟೆ. ಮೇಲಿನ ಸಪ್ತಕದ ಮೂರು ಮಾತ್ರ ಹಳದಿ, ಅಕ್ಷರ ದಪ್ಪ, ರಿವೆಟ್ ಉಬ್ಬು. ಅವು ಆಮೇಲೆ ಹಾಕಿಸಿದ್ದು. ಅದಕ್ಕಿಂತ ಮುಖ್ಯವಾದದ್ದು ಅರದ ಗೀರು. ನಾಲಿಗೆಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ರಿವೆಟ್ ಹತ್ತಿರ ಉಜ್ಜಿದರೆ ಇಳಿಯುತ್ತದೆ. ಇಲ್ಲಿ ಹಳೇ ರೀಡುಗಳ ತುದಿಯಲ್ಲೆಲ್ಲ ಗೀರಿತ್ತು. ಅಂದರೆ ಯಾರೋ ಇಡೀ ಪೇಟಿಯ ಶ್ರುತಿ ಏರಿಸಿದ್ದಾರೆ. ಆದ್ದರಿಂದ ಈಗಿನ ಶ್ರುತಿ ಅಳೆದು ವಯಸ್ಸು ಲೆಕ್ಕ ಹಾಕುವುದನ್ನು ಬಿಟ್ಟೆ.

ದೇಶದ ಹೆಸರಾಗಲಿ, ತಯಾರಕರ ಮುದ್ರೆಯಾಗಲಿ ಒಂದು ರೀಡಿನ ಮೇಲೂ ಇರಲಿಲ್ಲ. ಕಾಕಾಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂರು ರೀಡು ಅಪ್ಪ ನಾಟಕ ಕಂಪನಿಯವರ ಕಡೆಯಿಂದ ಹಾಕಿಸಿದ್ದ, ನೆನಪಾತು ನೋಡು" ಎಂದರು. ಅವರ ಮಾತನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಪೇಟಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.