ಪೋಕರ್‌ನಲ್ಲಿ ಸತತ ಸೋತರೂ ಕೈ ಖಾಲಿಯಾಗದಂತೆ ದುಡ್ಡು ಇಡೋದು ಹೇಗೆ?

ನಿಮ್ಮ ಕೈಯಲ್ಲಿ ಎರಡು ಎಕ್ಕ, ಎದುರಿನವನ ಹತ್ತಿರ ಎರಡು ರಾಜ. ಟೇಬಲ್ ಮೇಲೆ ಇನ್ನೂ ಒಂದು ಎಲೆಯೂ ಬಿದ್ದಿಲ್ಲ, ಇಬ್ಬರೂ ಆಲ್-ಇನ್, ಅಂದರೆ ಮುಂದಿರುವ ದುಡ್ಡನ್ನೆಲ್ಲ ಪಣಕ್ಕಿಟ್ಟಿದ್ದೀರಿ. ಹೋಲ್ಡೆಮ್ ಅನ್ನೋ ಈ ಬಗೆಯ ಪೋಕರ್‌ನಲ್ಲಿ ಇದಕ್ಕಿಂತ ಒಳ್ಳೆ ಸಂದರ್ಭ ಸಿಗೋದು ಅಪರೂಪ. ಆದರೂ ನೂರರಲ್ಲಿ ಸುಮಾರು 18 ಸಲ ದುಡ್ಡು ಎದುರಿನವನ ಕಡೆಗೇ ಹೋಗುತ್ತದೆ. ಇಂಥ ಕೈ ಐದು ಬಂದವು ಅಂದುಕೊಳ್ಳಿ, ಅದರಲ್ಲಿ ಎರಡೋ ಅದಕ್ಕಿಂತ ಜಾಸ್ತಿಯೋ ಸೋಲುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಜಾಸ್ತಿ. ಆಟದಲ್ಲಿ ಒಂದು ತಪ್ಪೂ ಇಲ್ಲದೆ ಬರುವ ಸೋಲು ಇದು. ಇದನ್ನು ತಡೆಯೋಕೆ ಆಗಲ್ಲ. ಅದು ಬಂದ ದಿನ ನಿಮ್ಮ ಹತ್ತಿರ ಇನ್ನೂ ಆಡುವಷ್ಟು ದುಡ್ಡು ಉಳಿದಿರುತ್ತಾ ಅನ್ನೋದನ್ನು ಮಾತ್ರ ಮೊದಲೇ ನೋಡಿಕೊಳ್ಳಬಹುದು.

ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಆಡೋದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಇಲ್ಲಿನ ಲೆಕ್ಕವೆಲ್ಲ ಎದುರುಬದುರು ಕೂತು, ಗೆಳೆಯರ ಜೊತೆ ಸಣ್ಣ ಮೊತ್ತಕ್ಕೆ ಆಡುವ ಟೇಬಲ್ಲಿನದು.

ಮೊದಲ ಕೆಲಸ, ಆಟದ ದುಡ್ಡನ್ನು ಮನೆಯ ದುಡ್ಡಿನಿಂದ ಬೇರೆ ಮಾಡಿ. ಬಾಡಿಗೆ, ಮಕ್ಕಳ ಫೀಸು, ಚೀಟಿ ಕಂತು, ಸಾಲ ಎಲ್ಲ ಕಳೆದ ಮೇಲೆ, ಪೂರ್ತಿ ಹೋದರೂ ಮನೆಯಲ್ಲಿ ಯಾರಿಗೂ ಏನೂ ವ್ಯತ್ಯಾಸ ಆಗದಂಥ ಒಂದು ಮೊತ್ತ. ಅದೇ ನಿಮ್ಮ ಬ್ಯಾಂಕ್‌ರೋಲ್. ಬೇರೆ ಲಕೋಟೆಯಲ್ಲಿಡಿ. ಫೋನ್‌ಪೇಯಲ್ಲಿ ಸಂಬಳದ ಜೊತೆ ಬೆರೆತಿದ್ದರೆ ಎಷ್ಟು ಉಳಿದಿದೆ ಅಂತ ಗೊತ್ತೇ ಆಗಲ್ಲ, ಗೊತ್ತಾಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ನಡೆಯಲ್ಲ.

ಆಮೇಲೆ ಆ ದುಡ್ಡನ್ನು ರೂಪಾಯಿಯಲ್ಲಿ ಎಣಿಸೋದು ಬಿಟ್ಟು ಬೈ-ಇನ್‌ನಲ್ಲಿ ಎಣಿಸಿ. ಬೈ-ಇನ್ ಅಂದರೆ ಟೇಬಲ್ಲಿಗೆ ಕೂರುವಾಗ ತರುವ ದುಡ್ಡು, ಸಾಮಾನ್ಯವಾಗಿ 100 ಬಿಗ್ ಬ್ಲೈಂಡ್. ಪ್ರತಿ ಕೈ ಶುರುವಾಗುವ ಮುಂಚೆ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಇಡುವ ದುಡ್ಡೇ ಬ್ಲೈಂಡ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಬ್ಲೈಂಡ್ 1-2 ರೂಪಾಯಿ ಇರುವ ಟೇಬಲ್ಲಿಗೆ 200 ರೂಪಾಯಿ, 2-5ಕ್ಕೆ 500, 5-10ಕ್ಕೆ 1,000. ಅಂದರೆ 15,000 ರೂಪಾಯಿ ಇದ್ದವನಿಗೆ ಮೊದಲ ಟೇಬಲ್ಲಿನಲ್ಲಿ 75 ಬೈ-ಇನ್ ಇವೆ, ಎರಡನೆಯದರಲ್ಲಿ 30, ಮೂರನೆಯದರಲ್ಲಿ ಬರೀ 15.

ಎಷ್ಟಿದ್ದರೆ ಸಾಕು? ಅದು ನೀವು ಎಷ್ಟು ಚೆನ್ನಾಗಿ ಆಡುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. 100 ಕೈ ಆಡಿದರೆ ಸರಾಸರಿ 5 ಬಿಗ್ ಬ್ಲೈಂಡ್ ಗೆಲ್ಲುವ ಆಟಗಾರ ಅಂತ ಇಟ್ಟುಕೊಳ್ಳೋಣ. ಏರಿಳಿತ ಸಾಧಾರಣ ಮಟ್ಟದ್ದು, ಅಂದರೆ 100 ಕೈಗೆ 90 ಬಿಗ್ ಬ್ಲೈಂಡ್‌ನಷ್ಟು. ಅವನು ಟೇಬಲ್ ಬದಲಿಸದೆ ಆಡುತ್ತಾ ಹೋದರೆ, 10 ಬೈ-ಇನ್ ಇದ್ದಾಗ ಒಂದಲ್ಲ ಒಂದು ದಿನ ಪೂರ್ತಿ ಖಾಲಿಯಾಗುವ ಸಾಧ್ಯತೆ ಹತ್ತಿರ ಹತ್ತಿರ ಶೇ 29. 20 ಇದ್ದರೆ ಶೇ 8ರ ಆಸುಪಾಸು. 30 ಇದ್ದರೆ ಶೇ 2ರಿಂದ 3. ಅದೇ ಮನುಷ್ಯ ಅರ್ಧದಷ್ಟೇ ಗೆಲ್ಲುವವನಾದರೆ 20 ಬೈ-ಇನ್ ಇದ್ದೂ ಅಪಾಯ ಮತ್ತೆ ಶೇ 29ಕ್ಕೆ ಏರುತ್ತದೆ. ಸರಾಸರಿಯಲ್ಲಿ ಸೋಲುವವನಿಗೆ ಮಾತ್ರ ಯಾವ ಸಂಖ್ಯೆಯೂ ಸಾಲಲ್ಲ. ದೊಡ್ಡ ಬ್ಯಾಂಕ್‌ರೋಲ್ ಅವನು ಖಾಲಿಯಾಗೋದನ್ನು ಸ್ವಲ್ಪ ದಿನ ಮುಂದೂಡುತ್ತದೆ, ಅಷ್ಟೇ.

ಹಾಗಾದರೆ ನಾನು ಗೆಲ್ಲುವವನೋ ಅಲ್ಲವೋ ಅಂತ ತಿಳಿಯೋದು ಹೇಗೆ? ಬರೆದಿಡಬೇಕು. ತಾರೀಖು, ಎಷ್ಟು ಗಂಟೆ, ಯಾವ ಬ್ಲೈಂಡ್, ಎಷ್ಟು ತಂದೆ, ಎಷ್ಟು ಎತ್ತಿಕೊಂಡೆ. ಮನೆ ಆಟದಲ್ಲಿ ಗಂಟೆಗೆ ಸುಮಾರು 30 ಕೈ ಆಗುತ್ತವೆ. ನೂರು ಗಂಟೆ ಆಡಿದರೂ ಮೂರು ಸಾವಿರ ಕೈ. ಅಷ್ಟರಲ್ಲಿ ಮೇಲೆ ಹೇಳಿದ ಆಟಗಾರ ಕೂಡ ಹತ್ತಕ್ಕೆ ನಾಲ್ಕು ಸಲ ನಷ್ಟದಲ್ಲೇ ಇರುತ್ತಾನೆ. ಹಾಗೇ ಸೋಲುವ ಆಟಗಾರನ ಪುಸ್ತಕ ನೂರು ಗಂಟೆ ಆದ ಮೇಲೂ ಲಾಭ ತೋರಿಸಬಹುದು. ಅದಕ್ಕೇ ಹೊಸಬರು ತಮ್ಮನ್ನು ಸಾಧಾರಣ ಆಟಗಾರ ಅಂತಲೇ ಲೆಕ್ಕ ಹಾಕಿ 30 ಬೈ-ಇನ್ ಇಟ್ಟುಕೊಳ್ಳೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ: ಯಾವಾಗ ಕೆಳಗಿನ ಟೇಬಲ್ಲಿಗೆ ಇಳೀಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳೋದು. 30 ಬೈ-ಇನ್ ಇದ್ದರೆ ಮೇಲಿನ ಟೇಬಲ್, ಅದು 20ಕ್ಕೆ ಬಂದರೆ ಕೆಳಗೆ. ಇಷ್ಟೇ ನಿಯಮ. ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬರನ್ನು ಇಟ್ಟುಕೊಂಡು ನೋಡೋಣ. ಅವರ ಲಕೋಟೆಯಲ್ಲಿ 15,000 ಇದೆ, 500ರ ಟೇಬಲ್ಲಿನಲ್ಲಿ ಕೂತಿದ್ದಾರೆ. ಟೈಮ್ ಸರಿಯಿಲ್ಲ, ಕೆಲವು ವಾರಗಳಲ್ಲಿ 10 ಬೈ-ಇನ್ ಹೋಯಿತು. ಉಳಿದದ್ದು 10,000, ಅಂದರೆ ಈ ಟೇಬಲ್ಲಿಗೆ ಸರಿಯಾಗಿ 20. ಅವರು 200ರ ಟೇಬಲ್ಲಿಗೆ ಇಳಿದರು. ಇಲ್ಲಿ ಅದೇ ದುಡ್ಡು 50 ಬೈ-ಇನ್ ಆಯಿತು. ಅಲ್ಲೂ ಮತ್ತೆ 10 ಹೋಯಿತು ಅನ್ನಿ, ಕಳೆದದ್ದು 2,000 ಮಾತ್ರ. ಒಟ್ಟು 20 ಬೈ-ಇನ್ ಸೋತ ಮೇಲೂ ಲಕೋಟೆಯಲ್ಲಿ 8,000 ಇದೆ. ಇಳಿಯದೆ 500ರಲ್ಲೇ ಹಟ ಹಿಡಿದು ಕೂತಿದ್ದರೆ 5,000 ಉಳಿಯುತ್ತಿತ್ತು. "ಹದಿನೈದು ಸಾವಿರ ಇದೆಯಲ್ಲ" ಅಂತ ಶುರುವಿನಲ್ಲೇ 1,000ದ ಟೇಬಲ್ಲಿಗೆ ಹೋಗಿದ್ದರೆ ಹದಿನೈದನೇ ಬೈ-ಇನ್‌ಗೇ ಕತೆ ಮುಗಿದಿರುತ್ತಿತ್ತು.

ಇಳಿಯೋದಕ್ಕೆ ಅಡ್ಡ ಬರೋದು ಮರ್ಯಾದೆ. ಜೊತೆಗೆ ಕೂತವರು "ಏನಣ್ಣ, ಸಣ್ಣ ಟೇಬಲ್ಲಾ?" ಅಂತ ಕೇಳೇ ಕೇಳುತ್ತಾರೆ. ಅದಕ್ಕೇ ಸಂಖ್ಯೆಯನ್ನು ಲಕೋಟೆ ಮೇಲೇ ಬರೀಬೇಕು: "10,000 ಆದರೆ 200ರ ಟೇಬಲ್". ಸೋತ ರಾತ್ರಿ ಕೂತು ಯೋಚಿಸಿ ನಿರ್ಧಾರ ಮಾಡುತ್ತೀನಿ ಅಂದರೆ ಆಗಲ್ಲ.

ಮತ್ತೆ ಮೇಲೆ ಬರೋದು? ಇಲ್ಲಿ ಬಹಳ ಜನ ಸುಮ್ನೆ ಆಸೆ ಇಟ್ಟುಕೊಳ್ಳುತ್ತಾರೆ. 200ರ ಟೇಬಲ್ಲಿನಲ್ಲಿ 100 ಕೈಗೆ 5 ಬಿಗ್ ಬ್ಲೈಂಡ್ ಅಂದರೆ ಬರೀ 10 ರೂಪಾಯಿ. 8,000ದಿಂದ 15,000ಕ್ಕೆ ಬರೀ ಗೆದ್ದೇ ಏರಬೇಕು ಅಂದರೆ 70,000 ಕೈ ಬೇಕು, ಶನಿವಾರದ ಆಟದಲ್ಲಿ ಅದು ವರ್ಷಗಟ್ಟಲೆ. ಆದ್ದರಿಂದ ಕೆಲಸ ಇರುವವರು ಪ್ರತಿ ತಿಂಗಳು ಒಂದು ನಿಗದಿತ ಮೊತ್ತ, ಐನೂರೋ ಸಾವಿರವೋ, ಸಂಬಳದ ದಿನ ಲಕೋಟೆಗೆ ಹಾಕೋದು ಸರಿಯಾದ ದಾರಿ. ಷರತ್ತು ಒಂದೇ, ಆ ಮೊತ್ತ ಸೋಲು-ಗೆಲುವು ನೋಡಿ ಹೆಚ್ಚಾಗಬಾರದು, ಆಟದ ನಡುವೆ ಅಂತೂ ಹಾಕಲೇಬಾರದು. ನಡುರಾತ್ರಿ ಎಟಿಎಂಗೆ ಹೋಗಿ ಬಂದರೆ ಅದು ಬ್ಯಾಂಕ್‌ರೋಲ್ ಅಲ್ಲ, ಮನೆ ದುಡ್ಡು.

ಲೆಕ್ಕವೆಲ್ಲ ಸರಿ ಇದ್ದೂ ಮೋಸ ಹೋಗುವ ಜಾಗ ಒಂದಿದೆ, ಸ್ಟ್ರಾಡಲ್. ರಾತ್ರಿ ಹನ್ನೊಂದಾದ ಮೇಲೆ ಯಾರೋ ಒಬ್ಬರು ಎಲೆ ಹಂಚುವ ಮುಂಚೆಯೇ 10 ರೂಪಾಯಿ ಮುಂದಿಡುತ್ತಾರೆ, ಪಕ್ಕದವನು ಅದನ್ನು 20 ಮಾಡುತ್ತಾನೆ. ಹೆಸರಿಗೆ ಇದು 2-5 ಟೇಬಲ್ಲೇ. ಆದರೆ ಎಲ್ಲರೂ ಈಗ ಎರಡು ಪಟ್ಟು, ನಾಲ್ಕು ಪಟ್ಟು ದೊಡ್ಡ ಆಟ ಆಡುತ್ತಿದ್ದಾರೆ. ಎದುರಿಗಿರುವವರ ಮುಂದೆ ತಲಾ ಎರಡು ಸಾವಿರದ ಚಿಪ್ಸ್ ಸೇರಿದ್ದು, ಅವರಷ್ಟೇ ನೀವೂ ತಂದು ಕೂತರೆ ನಿಮ್ಮ ಒಂದು ಬೈ-ಇನ್ ಈಗ 2,000. ಲಕೋಟೆಯ 15,000ಕ್ಕೆ ಏಳೂವರೆ ಬೈ-ಇನ್ ಮಾತ್ರ. ಆದ್ದರಿಂದ ಎಣಿಸಬೇಕಾದ್ದು ಬ್ಲೈಂಡ್ ಅಲ್ಲ, ಒಂದು ಕೈಯಲ್ಲಿ ನೀವು ಕಳೆದುಕೊಳ್ಳಬಹುದಾದ ಮೊತ್ತ. ಅದು ಲಕೋಟೆಯ ಇಪ್ಪತ್ತನೇ ಒಂದು ಭಾಗ ದಾಟಿತು ಅಂದರೆ ಚಿಪ್ಸ್ ಎತ್ತಿಕೊಂಡು ಏಳೋದು.

ಗೋವಾ ಕ್ಯಾಸಿನೊ ಟೇಬಲ್ಲಿಗೂ ಇದೇ ಅಳತೆ. ಅಲ್ಲಿ ಪಾಟ್‌ನಿಂದ, ಅಂದರೆ ಕೈಯಲ್ಲಿ ಎಲ್ಲರೂ ಇಟ್ಟ ಪಣದ ದುಡ್ಡಿನಿಂದ, ಕ್ಯಾಸಿನೊದವರು ರೇಕ್ ಅಂತ ಪಾಲು ಬೇರೆ ಕತ್ತರಿಸುತ್ತಾರೆ. ಗೆಳೆಯರ ಮನೆಯಲ್ಲಿ 100 ಕೈಗೆ 5 ಬಿಗ್ ಬ್ಲೈಂಡ್ ಗೆಲ್ಲುವವನು ಆ ಪಾಲು ಕೊಟ್ಟ ಮೇಲೆ ಸೋಲುವವನಾಗಿಬಿಡಬಹುದು. ಹೋಗಲೇಬೇಕು ಅಂತಿದ್ದರೆ ಆ ದುಡ್ಡನ್ನು ಲಕೋಟೆಯಿಂದ ತೆಗೀಬೇಡಿ. ಬಸ್ಸು, ರೂಮು, ಊಟದ ಜೊತೆ ಪ್ರವಾಸದ ಖರ್ಚಿಗೆ ಸೇರಿಸಿ, ವಾಪಸ್ ಬರಲ್ಲ ಅಂತಲೇ ಬರೆದಿಡಿ.