ಅಳಿಸುವ ಮೊದಲು ಬದಲಿಸಿ: ಕ್ರೋಮ್‌ನಲ್ಲಿ ಕೂತಿರುವ ಹಳೇ ಪಾಸ್‌ವರ್ಡ್‌ಗಳನ್ನು ತೆಗೆಯುವ ಬಗೆ

ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್ ಅಳಿಸಿದರೆ ಆ ಸೈಟಿನಲ್ಲಿರುವ ನಿಮ್ಮ ಖಾತೆ ಅಳಿಯುವುದಿಲ್ಲ. ಪಾಸ್‌ವರ್ಡ್ ಕೂಡ ಬದಲಾಗುವುದಿಲ್ಲ. ಅದು ಸೈಟಿನಲ್ಲಿ ಹಾಗೇ ಇರುತ್ತದೆ, ಸೋರಿಹೋಗಿದ್ದರೆ ಕಳ್ಳನ ಕೈಯಲ್ಲೂ ಇರುತ್ತದೆ. ಹೋದದ್ದು ನಿಮ್ಮ ಹತ್ತಿರ ಇದ್ದ ಪ್ರತಿ ಮಾತ್ರ. ಆದರೂ ಜನ ಮಾಡುವುದೇ ಇದನ್ನು. ಕೆಂಪು ಎಚ್ಚರಿಕೆ ಕಂಡ ಕೂಡಲೇ ಗಾಬರಿಯಾಗಿ ಇಡೀ ಪಟ್ಟಿ ಅಳಿಸುತ್ತಾರೆ. ಮರುದಿನ ಕರೆಂಟ್ ಬಿಲ್ ಕಟ್ಟಲು ಹೋದರೆ ಒಳಗೆ ಹೋಗಲು ದಾರಿಯೇ ಇಲ್ಲ.

ಮೊದಲು ಪಟ್ಟಿ ತೆರೆಯಿರಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ವಿಳಾಸದ ಜಾಗದಲ್ಲಿ ಇದನ್ನು ಟೈಪ್ ಮಾಡಿ:

```
chrome://password-manager/passwords
```

ಮೊಬೈಲಿನಲ್ಲಿ ಮೂರು ಚುಕ್ಕಿ ಒತ್ತಿ, Settings ಒಳಗೆ Google Password Manager. ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದೇ ಒಳ್ಳೆಯದು. ಮೊಬೈಲಿನಲ್ಲಿ ಎರಡು ಕಿಟಕಿ ಪಕ್ಕಪಕ್ಕ ಇಟ್ಟುಕೊಳ್ಳಲು ಕಷ್ಟ, ಅವಸರದಲ್ಲಿ ತಪ್ಪು ಗುಂಡಿ ಒತ್ತುತ್ತೇವೆ.

ಎಡಗಡೆ Checkup ಎಂದು ಇರುತ್ತದೆ. ಒತ್ತಿದರೆ ಮೂರು ಗುಂಪು ಬರುತ್ತವೆ: ಸೋರಿಹೋದವು, ಒಂದೇ ಪಾಸ್‌ವರ್ಡ್ ಹಲವು ಕಡೆ ಬಳಸಿದವು, ದುರ್ಬಲವಾದವು. ಸೋರಿಹೋಗಿದೆ ಎಂದರೆ ನಿಮ್ಮ ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರೆ ಅಂತ ಅಲ್ಲ. ಯಾವುದೋ ಸೈಟಿನಿಂದ ಹೊರಬಿದ್ದ ಪಟ್ಟಿಗಳಲ್ಲಿ ನಿಮ್ಮ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್‌ನ ಜೋಡಿ ಸಿಕ್ಕಿದೆ ಅಂತ. ಆ ಜೋಡಿಯನ್ನು ಬೇರೆ ಬೇರೆ ಸೈಟುಗಳಲ್ಲಿ ಹಾಕಿ ನೋಡಲು ಕಳ್ಳರ ಹತ್ತಿರ ತಂತ್ರಾಂಶಗಳೇ ಇವೆ. ಹಾಗಾಗಿ ಮೊದಲ ಗುಂಪಿನಲ್ಲೂ ಎರಡನೇ ಗುಂಪಿನಲ್ಲೂ ಕಾಣುವ ಪಾಸ್‌ವರ್ಡ್‌ಗಳನ್ನೇ ಮೊದಲು ಹಿಡಿಯಿರಿ. ದುರ್ಬಲ ಎಂಬ ಗುಂಪು ಮುಂದಿನ ವಾರಕ್ಕೆ ಹೋದರೂ ನಡೆಯುತ್ತದೆ.

ಒಂದು ವಿನಾಯಿತಿ ಇದೆ. ನಿಮ್ಮ ಮುಖ್ಯ ಇಮೇಲಿನ ಪಾಸ್‌ವರ್ಡ್ ಯಾವ ಗುಂಪಿನಲ್ಲಿದ್ದರೂ ಎಲ್ಲಕ್ಕಿಂತ ಮೊದಲು ಅದನ್ನು ಬದಲಿಸಿ. ಉಳಿದ ಸೈಟುಗಳ 'ಪಾಸ್‌ವರ್ಡ್ ಮರೆತಿದ್ದೀರಾ' ಲಿಂಕು ಬರುವುದು ಅಲ್ಲಿಗೇ ಅಲ್ವಾ? ಅದು ಜಿಮೇಲ್ ಆಗಿದ್ದರೆ ಅದರ ಪಾಸ್‌ವರ್ಡನ್ನು ಕ್ರೋಮ್‌ನಲ್ಲಿ ಸೇವ್ ಮಾಡಬೇಡಿ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗಾಗುತ್ತದೆ. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮನೆಯ ಬೀರುವಿನಲ್ಲಿರುವ ಕಾಗದ ದೂರದ ಕಳ್ಳನಿಗೆ ಸಿಗುವುದಿಲ್ಲ.

ಇನ್ನು ಜನ ಎಡವುವ ಜಾಗ. ನಮ್ಮ ಅತ್ತಿಗೆಯ ಪಟ್ಟಿಯನ್ನೇ ನೋಡಿ. ಒಂದೇ ಶಾಪಿಂಗ್ ಸೈಟಿಗೆ ಮೂರು ದಾಖಲೆ ಇದ್ದವು. ಒಂದರಲ್ಲಿ ಹಳೇ ಮೊಬೈಲ್ ನಂಬರ್, ಇನ್ನೊಂದರಲ್ಲಿ ಇಮೇಲ್, ಮೂರನೆಯದರಲ್ಲಿ ಯೂಸರ್‌ನೇಮ್ ಜಾಗ ಖಾಲಿ. ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಯಾವುದು ಈಗಿನದು? ಅವರು ಇಮೇಲಿನದ್ದೇ ಹೊಸದು ಅಂದುಕೊಂಡು ಉಳಿದ ಎರಡನ್ನು ಅಳಿಸಲು ಹೊರಟಿದ್ದರು. ನೋಡಿದರೆ ಇಮೇಲಿನ ಖಾತೆಗೆ ಕೆಲಸ ಮಾಡುತ್ತಿದ್ದದ್ದು ಆ ಖಾಲಿ ಜಾಗದ ದಾಖಲೆಯ ಪಾಸ್‌ವರ್ಡ್!

ಇದು ಹೇಗಾಗುತ್ತದೆ ಅಂದರೆ, ಸೈಟಿನಲ್ಲಿ ಪಾಸ್‌ವರ್ಡ್ ಬದಲಿಸುವ ಪುಟದಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಜಾಗಗಳಷ್ಟೇ ಇರುತ್ತವೆ, ಯೂಸರ್‌ನೇಮ್ ಇರುವುದಿಲ್ಲ. ಇದು ಯಾವ ಖಾತೆಯದು ಎಂದು ಕ್ರೋಮ್‌ಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಆಗ ಹಳೆಯದನ್ನು ತಿದ್ದುವ ಬದಲು ಹೆಸರಿಲ್ಲದ ಹೊಸ ದಾಖಲೆ ಮಾಡಿಬಿಡುತ್ತದೆ. ಒಂದು ಸಲ ಇಮೇಲ್ ಹಾಕಿ, ಇನ್ನೊಂದು ಸಲ ಮೊಬೈಲ್ ನಂಬರ್ ಹಾಕಿ ಲಾಗಿನ್ ಆದರೂ ಎರಡು ದಾಖಲೆ ಆಗುತ್ತವೆ.

ಹಾಗಾಗಿ ಊಹೆ ಮಾಡಬೇಡಿ, ಪರೀಕ್ಷೆ ಮಾಡಿ. Ctrl, Shift, N ಒಟ್ಟಿಗೆ ಒತ್ತಿದರೆ ಇನ್‌ಕಾಗ್ನಿಟೋ ಕಿಟಕಿ ತೆರೆಯುತ್ತದೆ. ಅಲ್ಲಿ ನೀವು ಯಾವುದಕ್ಕೂ ಲಾಗಿನ್ ಆಗಿರುವುದಿಲ್ಲ, ಕ್ರೋಮ್ ಹೊಸದಾಗಿ ಸೇವ್ ಮಾಡಲಾ ಎಂದು ಕೇಳುವುದೂ ಇಲ್ಲ. ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ. ಇತ್ತ ಪಟ್ಟಿಯಲ್ಲಿ ದಾಖಲೆ ತೆರೆದು ಪಾಸ್‌ವರ್ಡ್ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಇನ್‌ಕಾಗ್ನಿಟೋದಲ್ಲೂ ಕ್ರೋಮ್ ಸೇವ್ ಆದ ಪಾಸ್‌ವರ್ಡ್ ತುಂಬಲು ನೋಡುತ್ತದೆ. ಅದು ತುಂಬಿದ್ದನ್ನು ಅಳಿಸಿ, ನೀವು ಪರೀಕ್ಷಿಸುತ್ತಿರುವುದನ್ನೇ ಹಾಕಿ. ಒಳಗೆ ಹೋದರೆ ಅದೇ ಈಗಿನದು. ಬ್ಯಾಂಕಿನ ಸೈಟಿನಲ್ಲಿ ಮಾತ್ರ ಈ ಆಟ ಬೇಡ. ಕೆಲವೇ ತಪ್ಪು ಪ್ರಯತ್ನಕ್ಕೆ ಖಾತೆ ಲಾಕ್ ಆಗುತ್ತದೆ. ಅಲ್ಲಿ ನೇರವಾಗಿ ಹೊಸ ಪಾಸ್‌ವರ್ಡ್ ಪಡೆಯುವ ದಾರಿಯೇ ಸರಿ.

ಈಗಿನದು ಸಿಕ್ಕಿತಾ? ಕೂಡಲೇ ಬದಲಿಸಿ. ಇದನ್ನು ಸಾದಾ ಕಿಟಕಿಯಲ್ಲಿ ಮಾಡಬೇಕು, ಇನ್‌ಕಾಗ್ನಿಟೋದಲ್ಲಿ ಅಲ್ಲ. ಹೊಸ ಪಾಸ್‌ವರ್ಡ್ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ Suggest password ಎಂದು ಬರುತ್ತದೆ. ಅದನ್ನೇ ಒಪ್ಪಿಕೊಳ್ಳಿ. ಮಗಳ ಹೆಸರಿಗೆ ಹುಟ್ಟಿದ ವರ್ಷ ಸೇರಿಸುವ ಅಭ್ಯಾಸಕ್ಕಿಂತ ಅದು ಎಷ್ಟೋ ಮೇಲು. ಆದರೆ ಹಳೇ ಕಾಲದ ಕೆಲವು ಸೈಟುಗಳು ಉದ್ದ ಜಾಸ್ತಿ ಆಯಿತು, ಈ ಚಿಹ್ನೆ ಬೇಡ ಎಂದು ತಕರಾರು ತೆಗೆಯುತ್ತವೆ. ಸೈಟ್ ಒಪ್ಪದಿದ್ದರೂ ಕ್ರೋಮ್ ಆ ಪಾಸ್‌ವರ್ಡನ್ನು ಸೇವ್ ಮಾಡಿಕೊಂಡಿರಬಹುದು. ಆಗ ನೀವು ಕೊನೆಗೆ ಹಾಕಿದ್ದು ಒಂದು, ಪಟ್ಟಿಯಲ್ಲಿರುವುದು ಇನ್ನೊಂದು.

ಅದಕ್ಕೇ ಒಂದು ಹೆಜ್ಜೆ ಬಿಡಲೇಬೇಡಿ. ಬದಲಿಸಿದ ಮೇಲೆ ಲಾಗೌಟ್ ಆಗಿ, ಕ್ರೋಮ್ ತುಂಬಿದ ಪಾಸ್‌ವರ್ಡಿನಿಂದಲೇ ಮತ್ತೆ ಲಾಗಿನ್ ಆಗಿ. ಒಳಗೆ ಹೋದರೆ ಪಟ್ಟಿ ಸರಿಯಿದೆ. ಹೋಗದಿದ್ದರೆ ದಾಖಲೆ ತೆರೆದು Edit ಒತ್ತಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಕೈಯಾರೆ ತಿದ್ದಿ. ಅತ್ತಿಗೆಯ ಖಾಲಿ ಜಾಗದ ದಾಖಲೆಗೆ ಮಾಡಿದ್ದೂ ಇಷ್ಟೇ. ಪಾಸ್‌ವರ್ಡ್ ಬದಲಿಸಿ, ಇಮೇಲಿನ ದಾಖಲೆಯಲ್ಲಿ ಹೊಸದನ್ನು ಹಾಕಿ, ಲಾಗಿನ್ ಆಗಿ ನೋಡಿ, ಹೆಸರಿಲ್ಲದ್ದನ್ನು ತೆಗೆದೆವು.

ಉಳಿದದ್ದು ಹಳೇ ಮೊಬೈಲ್ ನಂಬರಿನ ದಾಖಲೆ. ಇದು ಬೇರೆಯೇ ಖಾತೆ, ಇನ್ನೂ ಜೀವಂತ, ಮನೆ ವಿಳಾಸವೆಲ್ಲ ಅದರಲ್ಲಿದೆ. ಆ ಸಿಮ್ ಬಿಟ್ಟು ವರ್ಷಗಳಾಗಿವೆ. ನಮ್ಮ ದೇಶದಲ್ಲಿ ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಸುಮ್ಮನೆ ಇಟ್ಟು, ಆಮೇಲೆ ಬೇರೆಯವರಿಗೆ ಕೊಡಬಹುದು. ಅಂದರೆ ಆ ಖಾತೆಯ ಒಟಿಪಿ ಈಗ ಯಾರೋ ಅಪರಿಚಿತರ ಫೋನಿಗೆ ಹೋಗಬಹುದು. ಅತ್ತಿಗೆಗೆ ಒಳಗೆ ಹೋಗಲು ಉಳಿದಿದ್ದ ದಾರಿ ಕ್ರೋಮ್‌ನಲ್ಲಿದ್ದ ಆ ಪಾಸ್‌ವರ್ಡ್ ಒಂದೇ. ಅದನ್ನು ಅಳಿಸಿದ್ದರೆ ಅವರ ಖಾತೆಗೆ ಅವರೇ ಹೊರಗಿನವರು. ಪುಣ್ಯಕ್ಕೆ ಪಾಸ್‌ವರ್ಡ್ ನಡೆಯಿತು. ಒಳಗೆ ಹೋಗಿ, ವಿಳಾಸ ತೆಗೆದು, ಸೈಟಿನ ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನೇ ಮುಚ್ಚಿಸಿ, ಆಮೇಲೆ ಕ್ರೋಮ್‌ನಿಂದ ಅಳಿಸಿದೆವು. ಹಳೇ ನಂಬರಿನ ಖಾತೆ ನಿಮಗೆ ಇನ್ನೂ ಬೇಕಿದ್ದರೆ, ಮುಚ್ಚುವ ಬದಲು ಹೊಸ ನಂಬರ್ ಸೇರಿಸಿ.

ಸೈಟೇ ಮುಚ್ಚಿಹೋಗಿದ್ದರೆ ಅಳಿಸುವುದು ಸುಲಭ. ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಇದೆಯಾ ಎಂದು ಮಾತ್ರ Checkupನ ಎರಡನೇ ಗುಂಪಿನಲ್ಲಿ ನೋಡಿಕೊಳ್ಳಿ. 192.168ರಿಂದ ಶುರುವಾಗುವ ವಿಳಾಸ ಕಂಡರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ನಿಮ್ಮ ಮನೆಯ ವೈಫೈ ರೂಟರಿನದು. ಈಗಿನ ರೂಟರಿನದಾದರೆ ಇರಲಿ.

ಅಳಿಸಲು ದಾಖಲೆ ತೆರೆದು Delete ಒತ್ತಿದರೆ ಆಯಿತು. ಗೂಗಲ್ ಖಾತೆಗೆ ಉಳಿಸಿದ್ದಾಗಿದ್ದರೆ ಅದೇ ಖಾತೆ ಇರುವ ಮೊಬೈಲಿನಿಂದಲೂ ಅದು ಹೋಗುತ್ತದೆ. 'ಲ್ಯಾಪ್‌ಟಾಪಿನಲ್ಲಿ ಅಳಿಸಿದರೂ ಫೋನಿನಲ್ಲಿ ಇರುತ್ತೆ' ಎಂಬ ನಂಬಿಕೆಯಿಂದ ಕಷ್ಟಕ್ಕೆ ಸಿಕ್ಕವರು ಬೇಕಾದಷ್ಟು ಜನ.

ಸೈಬರ್ ಸೆಂಟರಿನ ಮಾತು ಬೇರೆ. ಸೇವಾ ಸಿಂಧು ಅರ್ಜಿಗೋ ಪರೀಕ್ಷೆಯ ಅರ್ಜಿಗೋ ಅಲ್ಲಿ ಲಾಗಿನ್ ಆಗಿರುತ್ತೀರಿ, ಅಂಗಡಿಯ ಕ್ರೋಮ್ ಸೇವ್ ಮಾಡಲಾ ಎಂದು ಕೇಳಿರುತ್ತದೆ, ಹುಡುಗ ಅಭ್ಯಾಸಬಲದಿಂದ ಹೌದು ಎಂದು ಒತ್ತಿರುತ್ತಾನೆ. ಆ ದಾಖಲೆ ನಿಮ್ಮ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅಂಗಡಿಗೆ ಹೋಗಿ ಅಳಿಸಿ ಎಂದು ಕೇಳುವುದಕ್ಕಿಂತ ನಿಮ್ಮ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಅಲ್ಲಿರುವ ಪ್ರತಿ ತಾನಾಗೇ ಕೆಲಸಕ್ಕೆ ಬಾರದ್ದಾಗುತ್ತದೆ. ಮುಂದಿನ ಸಲ ಪ್ರೊಫೈಲ್ ಚಿತ್ರ ಒತ್ತಿ Guest ಕಿಟಕಿ ತೆರೆಯಲು ಹೇಳಿ. ಅಲ್ಲಿ ಪಾಸ್‌ವರ್ಡ್ ಸೇವ್ ಆಗುವುದಿಲ್ಲ. ಅಲ್ಲಿ ನಿಮ್ಮ ಗೂಗಲ್ ಖಾತೆಗೆ ಲಾಗಿನ್ ಆಗಿ ಹಾಗೇ ಬಂದಿದ್ದರೆ ಇಲ್ಲಿ ನೋಡಿ, ಗುರುತಿಲ್ಲದ ಕಂಪ್ಯೂಟರನ್ನು ಸೈನ್ ಔಟ್ ಮಾಡಿ:

```
myaccount.google.com/device-activity
```

ಪಾಸ್‌ವರ್ಡ್ ಮ್ಯಾನೇಜರಿನ ಸೆಟ್ಟಿಂಗ್ಸ್‌ನಲ್ಲಿ ನಾನು ಬದಲಿಸಲೇಬೇಕು ಎನ್ನುವುದು ಎರಡೇ. Sign in automatically ಆಫ್ ಮಾಡಿ. ವಿಂಡೋಸ್ ಆದರೆ, ಪಾಸ್‌ವರ್ಡ್ ತುಂಬುವಾಗ Windows Hello, ಅಂದರೆ ಕಂಪ್ಯೂಟರಿನ ಪಿನ್ ಅಥವಾ ಬೆರಳಚ್ಚು, ಕೇಳುವ ಆಯ್ಕೆಯನ್ನು ಆನ್ ಮಾಡಿ. ಅದು ಆಫ್ ಇದ್ದರೆ, ನೀವು ಚಹಾ ಕುಡಿಯಲು ಎದ್ದು ಹೋದಾಗ ನಿಮ್ಮ ಕುರ್ಚಿಯಲ್ಲಿ ಕೂತವರು ಪಾಸ್‌ವರ್ಡ್ ಗೊತ್ತಿಲ್ಲದೆಯೂ ಲಾಗಿನ್ ಆಗಬಹುದು. 'ಉಚಿತ ಪಾಸ್‌ವರ್ಡ್ ಕ್ಲೀನರ್' ಎಂದು ಬರುವ ಎಕ್ಸ್‌ಟೆನ್ಷನ್‌ಗಳ ಸಹವಾಸ ಬೇಡವೇ ಬೇಡ. ನೀವು ತೆರೆದ ಪುಟವನ್ನೆಲ್ಲ ಓದುವ ಅನುಮತಿ ಕೇಳುತ್ತವೆ. ಲಾಗಿನ್ ಪುಟವೂ ಅದರಲ್ಲಿ ಬಂತು.

ಆಟೋಫಿಲ್ ತುಂಬದೇ ಹೋದಾಗಲೂ ಗಮನಿಸಿ. ಕ್ರೋಮ್ ಸೈಟಿನ ವಿಳಾಸ ನೋಡಿ ಪಾಸ್‌ವರ್ಡ್ ತುಂಬುತ್ತದೆ, ಪುಟದ ಅಂದ ನೋಡಿ ಅಲ್ಲ. ದಿನಾ ತಾನಾಗೇ ತುಂಬುತ್ತಿದ್ದ ಬ್ಯಾಂಕೋ ಅಂಗಡಿಯೋ ಇವತ್ತು ಮೆಸೇಜಿನಲ್ಲಿ ಬಂದ ಲಿಂಕಿನಿಂದ ತೆರೆದಾಗ ಖಾಲಿ ಇದ್ದರೆ, ಪಾಸ್‌ವರ್ಡ್ ಕಾಪಿ ಮಾಡಿ ಹಾಕಲು ಹೋಗಬೇಡಿ. ಮೊದಲು ವಿಳಾಸದ ಒಂದೊಂದು ಅಕ್ಷರ ಓದಿ.

ಪಾಸ್‌ವರ್ಡ್ ಅಲ್ಲದ ಕಸವೂ ಇರುತ್ತದೆ. ಫಾರ್ಮ್ ತುಂಬುವಾಗ ಹಿಂದೆಂದೋ ತಪ್ಪಾಗಿ ಹೊಡೆದ ಫೋನ್ ನಂಬರ್ ಪದೇ ಪದೇ ಇಣುಕುತ್ತಿದ್ದರೆ, ಕೆಳಬಾಣದ ಕೀಲಿಯಿಂದ ಅದರ ಮೇಲೆ ನಿಂತು Shift ಮತ್ತು Delete ಒಟ್ಟಿಗೆ ಒತ್ತಿ. ಸೇವ್ ಆದ ಕಾರ್ಡುಗಳು ಇಲ್ಲಿ ಸಿಗುತ್ತವೆ, ಅವಧಿ ಮುಗಿದವನ್ನು ತೆಗೆಯಿರಿ:

```
chrome://settings/payments
```

ಇಷ್ಟೆಲ್ಲ ಶುರು ಮಾಡುವ ಮೊದಲು ಬ್ಯಾಕಪ್ ಇರಲಿ ಎಂದು Export ಒತ್ತುವವರಿಗೆ ಒಂದು ಮಾತು. ಸಿಗುವ ಸಿಎಸ್‌ವಿ ಫೈಲಿಗೆ ಯಾವ ಬೀಗವೂ ಇಲ್ಲ. ಎಕ್ಸೆಲ್‌ನಲ್ಲಿ ತೆರೆದರೆ ಸೈಟು, ಯೂಸರ್‌ನೇಮ್, ಪಾಸ್‌ವರ್ಡ್ ಸಾಲಾಗಿ ಕಾಣುತ್ತವೆ. ನನ್ನನ್ನು ಕೇಳಿದರೆ ಎಕ್ಸ್‌ಪೋರ್ಟ್ ಬೇಡ. ಮಾಡಲೇಬೇಕಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಕೆಲಸ ಮುಗಿದ ದಿನವೇ ಡೌನ್‌ಲೋಡ್ಸ್‌ನಿಂದ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ಒನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ತಾನಾಗೇ ಹೋಗುವಂತೆ ಇಟ್ಟಿದ್ದರೆ, ಅಲ್ಲಿನ ಕಸದ ಬುಟ್ಟಿಯಲ್ಲೂ ಒಂದು ಪ್ರತಿ ಉಳಿದಿರುತ್ತದೆ.