ಸಂದರ್ಶನ ಮುಂದೂಡಿದರೂ ಅಭ್ಯರ್ಥಿ ಕೈತಪ್ಪದ ನಾಲ್ಕು ಸಾಲು

ಸಂದರ್ಶನ ಮುಂದೂಡುವ ಸುದ್ದಿಯನ್ನು ಸಂದೇಶದಲ್ಲಿ ತಿಳಿಸಿದರೆ ಅಭ್ಯರ್ಥಿ ಹೋದ ಹಾಗೆಯೇ ಎಂದು ಕಂಪನಿಗಳಿಗೆ ಉದ್ಯೋಗಿಗಳನ್ನು ಹುಡುಕಿಕೊಡುವ ನಮ್ಮ ತಂಡದಲ್ಲಿ ಎಲ್ಲರೂ ಹೇಳುತ್ತಿದ್ದರು. ಈಗ ಅವರೇ ನನ್ನ ಒಕ್ಕಣೆಯನ್ನು ಕೇಳಿ ಪಡೆಯುತ್ತಾರೆ.

ಮೊದಲು ನಾವೆಲ್ಲ ಕಳಿಸುತ್ತಿದ್ದದ್ದು ಒಂದೇ ಬಗೆಯ ಸಂದೇಶ: ‘ಅನಿವಾರ್ಯ ಕಾರಣಗಳಿಂದ ಸಂದರ್ಶನ ಮುಂದೂಡಲಾಗಿದೆ, ಹೊಸ ದಿನಾಂಕ ಶೀಘ್ರದಲ್ಲೇ ತಿಳಿಸುತ್ತೇವೆ.’ ಇದನ್ನು ಓದಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಆಮೇಲೆ ಫೋನ್ ಎತ್ತುತ್ತಿರಲಿಲ್ಲ. ಹುದ್ದೆಗೆ ಬೇರೆಯವರು ಸಿಕ್ಕಿದ್ದಾರೆ, ತನ್ನನ್ನು ಸುಮ್ಮನೆ ಕಾಯಿಸುತ್ತಿದ್ದಾರೆ ಎಂದೇ ಅವರು ಭಾವಿಸುತ್ತಾರೆ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆಯೇ ನಮಗೆ ಶುಲ್ಕ ಬರುವುದರಿಂದ, ಹಾಗೆ ಒಬ್ಬರು ಮೌನವಾದರೆ ವಾರಗಟ್ಟಲೆ ಮಾಡಿದ ಹುಡುಕಾಟಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ.

ನನ್ನ ಕ್ರಮ ಬದಲಾದದ್ದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ವಿಷಯದಲ್ಲಿ. ಅವರ ಕೈಯಲ್ಲಿ ಆಗಲೇ ಇನ್ನೊಂದು ಆಫರ್ ಇತ್ತು. ಸಂದರ್ಶನದ ಹಿಂದಿನ ಸಂಜೆ, ಅವರನ್ನು ಸಂದರ್ಶಿಸಬೇಕಿದ್ದ ಕಂಪನಿಯ ತಂಡದ ಮುಖ್ಯಸ್ಥರು ಬರಲಾಗುವುದಿಲ್ಲ ಎಂದರು. ನಾನು ಅಭ್ಯರ್ಥಿಗೆ ಏನನ್ನೂ ತಿಳಿಸುವ ಮೊದಲು ಮುಖ್ಯಸ್ಥರ ಕ್ಯಾಲೆಂಡರ್‌ನಲ್ಲಿ ಎರಡು ಹೊತ್ತು ಕಾದಿರಿಸಿಕೊಂಡೆ. ನಂತರ ಹೀಗೆ ಬರೆದೆ:

‘ನಮಸ್ಕಾರ. ನಾಳೆ 11 ಗಂಟೆಯ ಸಂದರ್ಶನ ನಾಳೆ ನಡೆಯುವುದಿಲ್ಲ, ಕ್ಷಮಿಸಿ. ತಂಡದ ಮುಖ್ಯಸ್ಥರಿಗೆ ತುರ್ತು ಕೆಲಸ ಬಂದಿದೆ. ನಿಮ್ಮೊಡನೆ ತಾವೇ ಮಾತನಾಡಬೇಕೆಂದು ಅವರು ಬೇರೆಯವರಿಗೆ ಒಪ್ಪಿಸಿಲ್ಲ. ಗುರುವಾರ ಸಂಜೆ 7 (1) ಅಥವಾ ಶುಕ್ರವಾರ ಬೆಳಿಗ್ಗೆ 8:30 (2), ಎರಡನ್ನೂ ನಿಮಗಾಗಿ ಹಿಡಿದಿಟ್ಟಿದ್ದೇನೆ. 1 ಅಥವಾ 2 ಎಂದು ಬರೆದರೆ ಸಾಕು.’

ಸ್ವಲ್ಪ ಹೊತ್ತಿಗೆ ‘1’ ಎಂದು ಉತ್ತರ ಬಂತು. ಗುರುವಾರ ಮಾತುಕತೆ ಆಯಿತು, ಅವರು ಸೇರಿದರು.

ಆ ಎರಡೂ ಹೊತ್ತು ಕಚೇರಿ ವೇಳೆಯ ಹೊರಗಿರುವುದನ್ನು ಗಮನಿಸಿ. ಮೊದಲ ದಿನಕ್ಕೆ ಆಗಲೇ ರಜೆ ಹಾಕಿದವರನ್ನು ಇನ್ನೊಂದು ರಜೆ ಕೇಳುವಂತೆ ಮಾಡಬಾರದು. ಕಾರಣ ನಿಜವಾಗಿರಬೇಕು. ‘ತಾವೇ ಮಾತನಾಡಬೇಕು’ ಎಂದು ಮುಖ್ಯಸ್ಥರು ಹೇಳಿರದಿದ್ದರೆ ಆ ಮಾತನ್ನು ಬರೆಯಬೇಡಿ; ಸಂದರ್ಶನದಲ್ಲಿ ಅದು ಬಯಲಾಗುತ್ತದೆ. ಮೂರು ಆಯ್ಕೆ ಕೊಟ್ಟೂ ನೋಡಿದೆ, ಉತ್ತರ ತಡವಾಯಿತು. ಧ್ವನಿ ಸಂದೇಶವನ್ನೂ ಪ್ರಯತ್ನಿಸಿದೆ. ಕೆಲಸದ ಜಾಗದಲ್ಲಿ ಕುಳಿತವರು ಅದನ್ನು ತೆರೆಯಲೇ ಇಲ್ಲ. ಸಂದೇಶವನ್ನು ಎಷ್ಟು ಗಂಟೆಗೆ ಕಳಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ.

ಉತ್ತರ ಬಂದ ಕೂಡಲೇ ಹಳೆಯ ಕ್ಯಾಲೆಂಡರ್ ಆಹ್ವಾನದಲ್ಲೇ ಸಮಯ ತಿದ್ದಿ. ಹೊಸದನ್ನು ಕಳಿಸಿ ಹಳೆಯದನ್ನು ಹಾಗೇ ಬಿಟ್ಟರೆ ಅಭ್ಯರ್ಥಿ ಹಳೆಯ ಲಿಂಕ್ ತೆರೆದು ಒಬ್ಬರೇ ಕಾಯುವ ಪ್ರಸಂಗ ಬರುತ್ತದೆ.

ಸಂದರ್ಶನಕ್ಕೆ ಎರಡು ಮೂರು ಗಂಟೆಯಷ್ಟೇ ಉಳಿದಿದ್ದರೆ ಮೊದಲು ಕರೆ ಮಾಡಿ, ಆಮೇಲೆ ಈ ಸಂದೇಶ ಕಳಿಸಿ. ಎರಡನೇ ಸಲ ಮುಂದೂಡಬೇಕಾದರೆ ನಾನು ಬರೆಯುವುದೇ ಇಲ್ಲ, ಮುಖ್ಯಸ್ಥರಿಂದಲೇ ಕರೆ ಮಾಡಿಸುತ್ತೇನೆ.